ಆರ್‌ಒ ಟ್ಯಾಂಕ್ ತುಂಬಿದೆ, ಆದರೂ ನಲ್ಲಿಯಲ್ಲಿ ಸಣ್ಣ ಧಾರೆ: ಗಾಳಿ ಒತ್ತಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಥರದ ಪ್ಯೂರಿಫೈಯರ್‌ಗೆ?

ಸಿಂಕ್ ಕೆಳಗೆ ಕೂರುವ, ಬೇರೆಯಾಗಿ ಒಂದು ದುಂಡನೆಯ ಮುಚ್ಚಿದ ಟ್ಯಾಂಕ್ ಇರುವ ಆರ್‌ಒಗೆ. ಗೋಡೆಗೆ ನೇತುಹಾಕುವ, ಒಳಗಿನ ನೀರು ಕಣ್ಣಿಗೆ ಕಾಣುವ ಪ್ಲಾಸ್ಟಿಕ್ ಡಬ್ಬಿ ಇರುವ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ನೀರು ತನ್ನ ಭಾರಕ್ಕೇ ಕೆಳಗಿಳಿದು ಬರುತ್ತದೆ. ಅದರಲ್ಲಿ ಗಾಳಿಯ ಕೆಲಸವೇ ಇಲ್ಲ. ಅಂಥದ್ದು ನಿಮ್ಮದಾದರೆ ಇಲ್ಲಿ ಬರೆದಿರುವುದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಲ್ಲಿಯನ್ನೋ ಅದರ ಹಿಂದಿನ ಪೈಪನ್ನೋ ನೋಡಿ.

ಟ್ಯಾಂಕಿನಲ್ಲಿ ಗಾಳಿ ಯಾಕೆ ಬೇಕು?

ಟ್ಯಾಂಕ್ ನೆಲದ ಹತ್ತಿರ ಇದೆ, ನಲ್ಲಿ ಮೇಲಿದೆ. ನೀರನ್ನು ಯಾರಾದರೂ ಮೇಲಕ್ಕೆ ತಳ್ಳಬೇಕಲ್ವಾ, ಆ ಕೆಲಸವನ್ನು ಗಾಳಿ ಮಾಡುತ್ತದೆ. ಟ್ಯಾಂಕಿನೊಳಗೆ ಒಂದು ರಬ್ಬರ್ ಚೀಲ ಅಥವಾ ರಬ್ಬರ್ ಪರದೆ ಇರುತ್ತದೆ. ಅದರ ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಮೆಂಬ್ರೇನ್‌ನಿಂದ ಹನಿಹನಿಯಾಗಿ ಬರುವ ನೀರು ಚೀಲ ಸೇರುತ್ತಾ ಹೋದ ಹಾಗೆ ಗಾಳಿ ಒತ್ತಿಕೊಳ್ಳುತ್ತದೆ, ನೀವು ನಲ್ಲಿ ತಿರುಗಿಸಿದ ಕೂಡಲೇ ಅದೇ ಗಾಳಿ ಹಿಗ್ಗಿ ನೀರನ್ನು ಹೊರಗೆ ನೂಕುತ್ತದೆ. ಸಿಂಕ್ ಕೆಳಗಿನ ಆರ್‌ಒಗೆ ಕರೆಂಟ್ ಪಂಪ್ ಇದ್ದರೂ ಅದು ಸಾಮಾನ್ಯವಾಗಿ ಮೆಂಬ್ರೇನ್‌ಗೆ ನೀರು ನೂಕುವುದಕ್ಕೆ. ನಲ್ಲಿಗೆ ನೀರು ಕೊಡುವುದು ಗಾಳಿಯೇ.

ಗಾಳಿ ಕಡಿಮೆಯಾಗಿದೆ ಅಂತ ಹೇಗೆ ಗುರುತಿಸೋದು?

ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನಲ್ಲಿ ತೆರೆದು ನೋಡಿ. ಮೊದಲು ಒಂದಷ್ಟು ನೀರು ಜೋರಾಗಿಯೇ ಬರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಧಾರೆ ಸೊರಗಿ, ಪೆನ್ಸಿಲ್ ದಪ್ಪ ಇದ್ದದ್ದು ದಾರದಷ್ಟಾಗುತ್ತದೆ. ಆಮೇಲೆ ಎಷ್ಟು ಹೊತ್ತು ಬಿಟ್ಟರೂ ಅಷ್ಟೇ. ಆ ಹೊತ್ತಿನಲ್ಲಿ ಸಿಂಕ್ ಕೆಳಗೆ ಬಗ್ಗಿ ಟ್ಯಾಂಕನ್ನು ಸ್ವಲ್ಪ ಎತ್ತಿ ನೋಡಿ. ಖಾಲಿ ಟ್ಯಾಂಕ್ ಆದರೆ ಒಂದೇ ಕೈಗೆ ಸಲೀಸಾಗಿ ಏಳುತ್ತದೆ. ನಿಮ್ಮದು ಕಲ್ಲಿನ ಹಾಗೆ ಕೂತಿದ್ದರೆ ಒಳಗೆ ನೀರು ಇದೆ, ಆದರೆ ಅದನ್ನು ತಳ್ಳುವ ಶಕ್ತಿ ಇಲ್ಲ. ಟ್ಯಾಂಕ್ ಭಾರ, ಧಾರೆ ಸಣ್ಣ. ಈ ಎರಡೂ ಒಟ್ಟಿಗೆ ಕಂಡರೆ ಮೊದಲ ಅನುಮಾನ ಗಾಳಿಯ ಮೇಲೆ.

ಇನ್ನೊಂದು ಸೂಕ್ಷ್ಮ ಇದೆ. ನಿಲ್ಲದೆ ಬರುತ್ತಲೇ ಇರುವ ಆ ಸಣ್ಣ ಧಾರೆ ಬಹುಪಾಲು ಟ್ಯಾಂಕಿನ ನೀರೇ ಅಲ್ಲ. ಮೆಂಬ್ರೇನ್ ಆ ಕ್ಷಣ ತಯಾರಿಸುತ್ತಿರುವ ನೀರು ನೇರವಾಗಿ ನಲ್ಲಿಗೆ ಬರುತ್ತಿರುತ್ತದೆ. ದಿನಕ್ಕೆ 50 ಗ್ಯಾಲನ್, ಅಂದರೆ ಸುಮಾರು 190 ಲೀಟರ್ ಅಂತ ಬರೆದಿರುವ ಮೆಂಬ್ರೇನ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ನಿಮಿಷಕ್ಕೆ ಸುಮಾರು 130 ಮಿಲಿ ಮಾತ್ರ ಕೊಡುತ್ತದೆ. 200 ಮಿಲಿ ಲೋಟ ತುಂಬಲು ಒಂದೂವರೆ ನಿಮಿಷ. ನಿಮ್ಮ ಲೋಟವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದರೆ, ಟ್ಯಾಂಕ್ ಕೈಕೊಟ್ಟಿದೆ, ಮೆಂಬ್ರೇನ್ ಒಂದೇ ದುಡಿಯುತ್ತಿದೆ ಅಂತ ತಿಳಿಯಿರಿ. ಒಳಬರುವ ನೀರಿನ ವಾಲ್ವ್ ಮುಚ್ಚಿದರೆ ಆ ಧಾರೆಯೂ ನಿಂತುಹೋಗುತ್ತದೆ, ಇಲ್ಲವೇ ಹನಿಗೆ ಇಳಿಯುತ್ತದೆ.

ಫಿಲ್ಟರ್ ಕಟ್ಟಿಕೊಂಡಿದ್ದರೂ ಹೀಗೇ ಆಗಬಹುದಲ್ವಾ?

ಆಗಬಹುದು. ಟ್ಯಾಂಕ್ ಮತ್ತು ನಲ್ಲಿಯ ನಡುವೆ ಕೊನೆಯ ಕಾರ್ಬನ್ ಫಿಲ್ಟರ್ ಇರುತ್ತದೆ. ಅದು ಕಟ್ಟಿಕೊಂಡರೂ ಟ್ಯಾಂಕ್ ಭಾರವಾಗಿದ್ದು ಧಾರೆ ಸಣ್ಣಗಿರುತ್ತದೆ. ಆದರೆ ಆಗ ಮೊದಲ ಲೋಟದಿಂದಲೇ ಸಣ್ಣ ಧಾರೆ, ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ. ಗಾಳಿ ಕಡಿಮೆಯಾದಾಗ ಮಾತ್ರ ಜೋರಾಗಿ ಶುರುವಾಗಿ ಬೇಗ ಕುಸಿಯುವುದು.

ಅನುಮಾನ ಉಳಿದರೆ ಟ್ಯಾಂಕ್ ಬಿಚ್ಚಿ ನೋಡಿ. ನಲ್ಲಿಯಲ್ಲಿ ಧಾರೆ ಸಣ್ಣಗಾದ ಮೇಲೆ ಟ್ಯಾಂಕ್ ತಲೆಯ ಮೇಲಿನ ವಾಲ್ವ್ ಮುಚ್ಚಿ, ಪೈಪ್ ಕಳಚಿ, ಟ್ಯಾಂಕನ್ನು ಬಕೆಟ್ ಹತ್ತಿರ ತಂದು ವಾಲ್ವ್ ತೆರೆಯಿರಿ. ನೀರು ರಭಸವಾಗಿ ಚಿಮ್ಮಿದರೆ ಟ್ಯಾಂಕ್ ಸರಿಯಿದೆ, ತೊಂದರೆ ಮುಂದಿನ ಫಿಲ್ಟರ್‌ನಲ್ಲಿ, ಮಡಚಿಕೊಂಡ ಪೈಪ್‌ನಲ್ಲಿ ಅಥವಾ ನಲ್ಲಿಯಲ್ಲಿ. ಭಾರದ ಟ್ಯಾಂಕಿನಿಂದ ನೀರು ಸುಮ್ನೆ ಸೋರಿದ ಹಾಗೆ ಬಂದರೆ ಗಾಳಿ ಇಲ್ಲ. ಟ್ಯಾಂಕ್ ಮೊದಲೇ ಹಗುರವಾಗಿದ್ದರೆ ಅದು ತುಂಬುತ್ತಲೇ ಇಲ್ಲ. ಆಗ ನೋಡಬೇಕಾದ್ದು ಒಳಬರುವ ನೀರು, ಮೊದಲ ಫಿಲ್ಟರ್‌ಗಳು ಮತ್ತು ಮೆಂಬ್ರೇನ್. ಟ್ಯಾಂಕ್ ವಾಲ್ವ್ ಯಾರೋ ಅರ್ಧ ಮುಚ್ಚಿಬಿಟ್ಟಿದ್ದಾರಾ ಅಂತ ಎಲ್ಲಕ್ಕಿಂತ ಮೊದಲು ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿದಿರುತ್ತದೆ.

ಗೇಜ್ ಹಿಡಿದರೆ 35 ಪಿಎಸ್‌ಐ ತೋರಿಸ್ತಿದೆ. ಗಾಳಿ ಸಾಕಷ್ಟಿದೆ ಅಂತ ತಾನೆ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೇ ಇದನ್ನು ನಿಧಾನವಾಗಿ ಓದಿ. ಚೀಲದ ರಬ್ಬರ್ ಮೆತ್ತಗಿರುವುದರಿಂದ ಒಂದು ಕಡೆ ನೀರಿನ ಒತ್ತಡ ಎಷ್ಟಿದೆಯೋ ಇನ್ನೊಂದು ಕಡೆ ಗಾಳಿಯ ಒತ್ತಡವೂ ಅಷ್ಟೇ ಆಗಿರುತ್ತದೆ. ಟ್ಯಾಂಕ್ ತುಂಬಿರುವಾಗ ಗೇಜ್ ಹಿಡಿದರೆ ನೀವು ನೋಡುತ್ತಿರುವುದು ನೀರು ಎಷ್ಟು ಒತ್ತುತ್ತಿದೆ ಅನ್ನುವುದನ್ನು. ಒಳಗೆ ಎಷ್ಟು ಗಾಳಿ ಉಳಿದಿದೆ ಅನ್ನುವುದು ಅದರಿಂದ ಗೊತ್ತಾಗುವುದೇ ಇಲ್ಲ. ಮುಷ್ಟಿಯಷ್ಟು ಗಾಳಿ ಉಳಿದಿದ್ದರೂ ತುಂಬಿದ ಟ್ಯಾಂಕ್ 35 ತೋರಿಸಬಹುದು. ಚೆನ್ನಾಗಿರುವ ಟ್ಯಾಂಕೂ ತುಂಬಿದಾಗ ಅದೇ 35 ತೋರಿಸುತ್ತದೆ.

ಹಾಗಾಗಿ ಗಾಳಿಯ ಒತ್ತಡ ಅಳೆಯುವುದು ಟ್ಯಾಂಕಿನ ನೀರು ಪೂರ್ತಿ ಖಾಲಿಯಾಗಿ ನಲ್ಲಿ ತೆರೆದೇ ಇರುವಾಗ ಮಾತ್ರ. ಬೇರೆ ಯಾವ ಹೊತ್ತಿನ ಅಂಕಿಯನ್ನೂ ನಂಬಬೇಡಿ.

ಇಷ್ಟು ನೀರು ಒಳಗೇ ಇದೆ, ಹೊರಗೆ ಯಾಕೆ ಬರಲ್ಲ? ಲೆಕ್ಕ ತೋರಿಸಿ.

ಒಟ್ಟು 12 ಲೀಟರ್ ಜಾಗ ಇರುವ ಟ್ಯಾಂಕ್ ತೆಗೆದುಕೊಳ್ಳೋಣ. ಮನೆಯ ಪೈಪಿನ ಒತ್ತಡ 60 ಪಿಎಸ್‌ಐ. ಟ್ಯಾಂಕಿನ ಒತ್ತಡ ಅದರ ಸುಮಾರು ಮೂರನೇ ಎರಡರಷ್ಟಾದಾಗ, ಅಂದರೆ 40ಕ್ಕೆ, ಆಟೋ ಶಟ್-ಆಫ್ ವಾಲ್ವ್ ಮುಚ್ಚಿಕೊಂಡು ತುಂಬುವುದು ನಿಲ್ಲುತ್ತದೆ. ಗಾಳಿ ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕುವಾಗ ಗೇಜಿನ ಅಂಕಿಗೆ ಹೊರಗಿನ ವಾತಾವರಣದ ಒತ್ತಡ 14.7 ಸೇರಿಸಬೇಕು, ಅಷ್ಟು ನೆನಪಿಟ್ಟುಕೊಳ್ಳಿ.

ಖಾಲಿ ಇದ್ದಾಗ 7 ಪಿಎಸ್‌ಐ ಇರುವ ಸರಿಯಾದ ಟ್ಯಾಂಕಿನಲ್ಲಿ 12 ಲೀಟರ್ ಗಾಳಿ 21.7ರಿಂದ 54.7ಕ್ಕೆ ಒತ್ತಿಕೊಳ್ಳುತ್ತದೆ. 12ನ್ನು 21.7ರಿಂದ ಗುಣಿಸಿ 54.7ರಿಂದ ಭಾಗಿಸಿದರೆ ಗಾಳಿಗೆ ಸುಮಾರು 4.8 ಲೀಟರ್ ಜಾಗ ಬರುತ್ತದೆ, ಉಳಿದ 7.2 ಲೀಟರ್ ನೀರು. ಈ ನೀರಿನ ಕೊನೆಯ ಲೋಟದವರೆಗೂ ಒತ್ತಡ 7ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಂದರೆ ಇರುವುದೆಲ್ಲ ಹೊರಗೆ ಬರುತ್ತದೆ, ಸುಮಾರಾದ ಧಾರೆಯಲ್ಲೇ ಬರುತ್ತದೆ.

ಈಗ ಅದೇ ಟ್ಯಾಂಕ್, ಆದರೆ ಗಾಳಿ ನಿಧಾನಕ್ಕೆ ಸೋರಿ ಮೂರನೇ ಒಂದು ಪಾಲು ಮಾತ್ರ ಉಳಿದಿದೆ. ಸೋರುವುದು ಟ್ಯಾಂಕ್ ತುಂಬಿ 40ರಲ್ಲಿ ಕೂತಿರುವಾಗಲೇ ಜಾಸ್ತಿ, ಹೋದ ಗಾಳಿಯ ಜಾಗಕ್ಕೆ ಇನ್ನಷ್ಟು ನೀರು ಬಂದು ಕೂರುತ್ತದೆ. ತುಂಬಿದಾಗ ಗಾಳಿ ಬರೀ 1.6 ಲೀಟರ್, ನೀರು 10.4 ಲೀಟರ್. ಮೊದಲಿಗಿಂತ ನೀರು ಜಾಸ್ತಿಯೇ ಇದೆ, ಗಮನಿಸಿ. ನಲ್ಲಿ ತೆರೆದಾಗ ಆ ಚೂರು ಗಾಳಿ ಬೇಗ ಹಿಗ್ಗಿ ಬೇಗ ಸುಸ್ತಾಗುತ್ತದೆ. ಒತ್ತಡ 6ಕ್ಕೆ ಇಳಿಯುವ ಹೊತ್ತಿಗೆ ಬಂದಿರುವುದು ಸುಮಾರು 2.6 ಲೀಟರ್ ಮಾತ್ರ. ಆಮೇಲೆ ಇನ್ನೊಂದು ಲೀಟರ್ ಚಿಲ್ಲರೆ ಸಣ್ಣ ಧಾರೆಯಲ್ಲಿ ಬರುತ್ತದೆ. ನಲ್ಲಿ ಟ್ಯಾಂಕಿಗಿಂತ ಒಂದು ಮೀಟರ್ ಮೇಲಿದ್ದರೆ ಅಷ್ಟು ಎತ್ತರಕ್ಕೆ ನೀರು ಏರಿಸಲೇ 1.4 ಪಿಎಸ್‌ಐ ಬೇಕು, ಹಾಗಾಗಿ ಒತ್ತಡ ಅಲ್ಲಿಗೆ ಇಳಿದ ಮೇಲೆ ಟ್ಯಾಂಕಿನಿಂದ ಏನೂ ಬರುವುದಿಲ್ಲ. ಒಳಗೆ 6.6 ಲೀಟರ್ ನೀರು ಹಾಗೇ ಸಿಕ್ಕಿಕೊಂಡಿರುತ್ತದೆ.

ರಬ್ಬರಿನ ಬಿಗಿ, ಟ್ಯಾಂಕಿನ ಆಕಾರ ಇವುಗಳಿಂದ ನಿಮ್ಮ ಮನೆಯ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ. ನಡೆಯುವ ಕಥೆ ಮಾತ್ರ ಇದೇ.

ಹಾಗಾದರೆ ಎಷ್ಟು ಗಾಳಿ ಇರಬೇಕು?

ಖಾಲಿ ಟ್ಯಾಂಕಿನಲ್ಲಿ 7 ಪಿಎಸ್‌ಐ ಆಸುಪಾಸು. ಮನೆ ಬಳಕೆಯ ಹೆಚ್ಚಿನ ಟ್ಯಾಂಕ್‌ಗಳಿಗೆ 5ರಿಂದ 8ರೊಳಗೆ ಇದ್ದರೆ ಸರಿ. ಟ್ಯಾಂಕಿನ ಮೇಲಿನ ಲೇಬಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಬಾರ್‌ನಲ್ಲಿ ಅಳೆಯುವ ಗೇಜ್ ಆದರೆ ಸುಮಾರು 0.5.

ಏನೇನು ಸಾಮಾನು ಬೇಕು?

ಒಂದು ಕೈಪಂಪ್ ಅಥವಾ ಕಾಲುಪಂಪ್, ಒಂದು ಗೇಜ್, ಒಂದು ಬಕೆಟ್, ಒಂದು ಬಟ್ಟೆ. ಟ್ಯಾಂಕಿನ ಪಕ್ಕದಲ್ಲಿ, ಸಾಮಾನ್ಯವಾಗಿ ಬುಡದ ಹತ್ತಿರ, ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಎಷ್ಟೋ ಟ್ಯಾಂಕುಗಳಲ್ಲಿ ಅದರ ಬಣ್ಣ ನೀಲಿ. ಅದನ್ನು ತಿರುಗಿಸಿ ತೆಗೆದರೆ ಕಾರಿನ, ಬೈಕಿನ ಟೈರಿನಲ್ಲಿ ಇರುವಂಥದ್ದೇ ವಾಲ್ವ್ ಕಾಣುತ್ತದೆ. ಆ ಟೈರಿಗೆ ಹೊಂದುವ ಪಂಪ್ ಇದಕ್ಕೂ ಹೊಂದುತ್ತದೆ. ಸೈಕಲ್ ಪಂಪ್ ಆದರೆ ಅದರ ಮೂತಿ ಈ ವಾಲ್ವ್‌ಗೆ ಕೂರುತ್ತದಾ ನೋಡಿಕೊಳ್ಳಿ.

ಗೇಜ್ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. 100ರವರೆಗೆ ಅಳೆಯುವ ಟೈರ್ ಗೇಜಿನ ಮುಳ್ಳು 7ರ ಹತ್ತಿರ ಸರಿಯಾಗಿ ಏಳುವುದೇ ಇಲ್ಲ, 4ಕ್ಕೂ 9ಕ್ಕೂ ವ್ಯತ್ಯಾಸ ಓದಲಾಗುವುದಿಲ್ಲ. 15 ಅಥವಾ 30ರವರೆಗೆ ಮಾತ್ರ ಅಳೆಯುವ ಗೇಜ್ ತೆಗೆದುಕೊಳ್ಳಿ.

ಗಾಳಿ ತುಂಬುವುದು ಹೇಗೆ?

ಮೊದಲು ಆರ್‌ಒಗೆ ಬರುವ ನೀರಿನ ವಾಲ್ವ್ ಮುಚ್ಚಿ. ಕರೆಂಟ್ ಪಂಪ್ ಇದ್ದರೆ ಪ್ಲಗ್ ಕಿತ್ತುಬಿಡಿ. ಟ್ಯಾಂಕಿನ ವಾಲ್ವ್ ತೆರೆದೇ ಇರಲಿ. ಕುಡಿಯುವ ನೀರಿನ ನಲ್ಲಿ ಪೂರ್ತಿ ತೆರೆದು, ತಾನಾಗಿ ಬರುವಷ್ಟು ನೀರು ಬಂದು ಹೋಗಲಿ. ಧಾರೆ ದಾರದಷ್ಟಾದಾಗ ನಲ್ಲಿ ಮುಚ್ಚಬೇಡಿ. ಮುಂದಿನ ಕೆಲಸವೆಲ್ಲ ನಲ್ಲಿ ತೆರೆದಿರುವಾಗಲೇ.

ಈಗ ನೀಲಿ ಮುಚ್ಚಳ ತೆಗೆದು ಪಂಪ್ ಜೋಡಿಸಿ, ನಿಧಾನಕ್ಕೆ ಒತ್ತಿ. ಒಂದಷ್ಟು ಒತ್ತುವಷ್ಟರಲ್ಲಿ ನಲ್ಲಿಯಲ್ಲಿ ಧಾರೆ ಮತ್ತೆ ದಪ್ಪಗಾಗುವುದು ಕಾಣುತ್ತದೆ. ಒಳಗೆ ಸಿಕ್ಕಿಕೊಂಡಿದ್ದ ನೀರು ಅದು. ಲೀಟರುಗಟ್ಟಲೆ ಬರಬಹುದು, ಗಾಬರಿ ಬೇಡ. ಧಾರೆ ಕುಗ್ಗಿದ ಹಾಗೆ ಇನ್ನಷ್ಟು ಒತ್ತಿ, ಬರುತ್ತಿರುವಾಗ ಸುಮ್ಮನಿರಿ. ಇಲ್ಲಿ ಅವಸರ ಮಾಡಿದರೆ ನೀರು ಹೊರಹೋಗುವುದಕ್ಕಿಂತ ಬೇಗ ಒತ್ತಡ ಏರುತ್ತದೆ, ಗೇಜ್ ಸುಳ್ಳು ಅಂಕಿ ತೋರಿಸುತ್ತದೆ. ಕೊನೆಗೆ ನಲ್ಲಿಯಲ್ಲಿ ನೀರು ಪೂರ್ತಿ ನಿಂತುಹೋಗುತ್ತದೆ. ಟ್ಯಾಂಕ್ ಎತ್ತಿ ನೋಡಿ, ಹಗುರವಾಗಿರಬೇಕು.

ಈಗ ಗೇಜ್ ಹಿಡಿಯಿರಿ. 7ಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ ತುಂಬಿ, ಜಾಸ್ತಿ ಇದ್ದರೆ ವಾಲ್ವಿನ ನಡುವಿನ ಪಿನ್ ಒಂದು ಕ್ಷಣ ಒತ್ತಿ ಬಿಡಿ. ಟ್ಯಾಂಕಿನ ಗಾಳಿಯ ಜಾಗ ಚಿಕ್ಕದು, ಗೇಜ್ ಹಿಡಿದು ತೆಗೆಯುವಾಗ ಪ್ರತಿ ಸಲವೂ ಚೂರು ಗಾಳಿ ಹೋಗುತ್ತದೆ. ಅದಕ್ಕೆ ಮತ್ತೆ ಮತ್ತೆ ಅಳೆಯುತ್ತಾ ಕೂರಬೇಡಿ. ಹತ್ತು ನಿಮಿಷ ಬಿಟ್ಟು ಕೊನೆಯದಾಗಿ ಒಮ್ಮೆ ನೋಡಿ, ಅಂಕಿ ನಿಂತಿದ್ದರೆ ಮುಚ್ಚಳ ಬಿಗಿ ಮಾಡಿ. ನಲ್ಲಿ ಮುಚ್ಚಿ, ನೀರಿನ ವಾಲ್ವ್ ತೆರೆದು, ಪ್ಲಗ್ ಹಾಕಿ. ಟ್ಯಾಂಕ್ ತುಂಬಲು ಎರಡು ಮೂರು ಗಂಟೆ ಬೇಕಾಗಬಹುದು. ತುಂಬುವ ಮೊದಲೇ ನಲ್ಲಿ ತೆರೆದು ಕೆಲಸ ಆಗಿಲ್ಲ ಅಂತ ತೀರ್ಮಾನಿಸಬೇಡಿ.

ಖಾಲಿ ಮಾಡುವ ರಗಳೆ ಯಾಕೆ, ತುಂಬಿದ ಟ್ಯಾಂಕಿಗೇ ಎರಡು ಸಲ ಪಂಪ್ ಒತ್ತಿದರೆ ಆಗಲ್ವಾ?

ಧಾರೆ ಸ್ವಲ್ಪ ಸುಧಾರಿಸಬಹುದು. ಆದರೆ ಎಷ್ಟು ಗಾಳಿ ಹಾಕಿದಿರಿ ಅಂತ ಗೊತ್ತಾಗುವುದಿಲ್ಲ. ಅಲ್ಲಿ ಸಾಕು ಅನಿಸುವಷ್ಟು ಹಾಕಿದರೆ ಖಾಲಿಯಾದಾಗ 7ರ ಬದಲು 15 ಇರಬಹುದು, 3 ಇರಬಹುದು. ಒಂದು ಸಲ ಸರಿಯಾಗಿ ಖಾಲಿ ಮಾಡಿ ಮಾಡಿಬಿಡಿ.

7ರ ಬದಲು 15 ಹಾಕಿದರೆ ಧಾರೆ ಇನ್ನೂ ಜೋರಾಗುತ್ತದೆ ಅಲ್ವಾ?

ಜೋರಾಗುತ್ತದೆ, ಆದರೆ ಬೇಗ ಮುಗಿದುಹೋಗುತ್ತದೆ. ಮೇಲಿನ ಅದೇ ಟ್ಯಾಂಕಿಗೆ 15 ಹಾಕಿದರೆ 40ರಲ್ಲಿ ತುಂಬಿದಾಗ ನೀರು 7.2 ಲೀಟರ್ ಅಲ್ಲ, 5.5 ಲೀಟರ್. ನಿಮ್ಮ ಮನೆಯ ಪೈಪಿನಲ್ಲೇ ಒತ್ತಡ ಕಡಿಮೆ ಇದ್ದು ಟ್ಯಾಂಕ್ 20ಕ್ಕೇ ನಿಲ್ಲುವುದಾದರೆ ಪೆಟ್ಟು ಇನ್ನೂ ದೊಡ್ಡದು. 7 ಹಾಕಿದ್ದರೆ 4.5 ಲೀಟರ್ ಹಿಡಿಯುತ್ತಿದ್ದ ಟ್ಯಾಂಕ್ 15 ಹಾಕಿದಾಗ 1.7 ಲೀಟರ್ ಮಾತ್ರ ಹಿಡಿಯುತ್ತದೆ. ಒಂದು ಪಾತ್ರೆ ತುಂಬುವಷ್ಟರಲ್ಲಿ ಖಾಲಿ. ಟ್ಯಾಂಕಿನ ಒತ್ತಡ ಜಾಸ್ತಿಯಾದಷ್ಟೂ ಮೆಂಬ್ರೇನ್ ಅದರ ಎದುರು ನೀರು ನೂಕಬೇಕು, ತಯಾರಾಗುವ ವೇಗವೂ ಕುಗ್ಗುತ್ತದೆ.

ಪೆಟ್ರೋಲ್ ಬಂಕ್‌ನ ಗಾಳಿ ಯಂತ್ರದಲ್ಲಿ ಹಾಕಿಸಬಹುದಾ?

ಬೇಡ. ಬೇಕಿರುವುದು 7. ದೊಡ್ಡ ಕಂಪ್ರೆಸರ್ ಕಣ್ಣು ಮಿಟುಕಿಸುವುದರಲ್ಲಿ ಅದನ್ನು ದಾಟಿಬಿಡುತ್ತದೆ, ರಬ್ಬರ್ ಎಳೆದು ಹರಿಯಬಹುದು. ಕಾರಿನಲ್ಲಿ ಇಡುವ ಚಿಕ್ಕ ಇನ್‌ಫ್ಲೇಟರ್ ಆಗುತ್ತದೆ, ಆದರೆ ನಲ್ಲಿ ತೆರೆದಿಟ್ಟು, ಒಂದೆರಡು ಸೆಕೆಂಡ್ ಓಡಿಸಿ ನಿಲ್ಲಿಸುತ್ತಾ ಹಾಕಿ.

ಪಿನ್ ಒತ್ತಿದರೆ ಗಾಳಿಯ ಬದಲು ನೀರು ಬಂತು. ಏನರ್ಥ?

ಚೀಲ ಹರಿದಿದೆ. ನೀರು ಗಾಳಿಯ ಕಡೆಗೆ ಬಂದು ಸೇರಿದೆ. ಒಂದೆರಡು ಹನಿ ತೇವ ಮಾತ್ರ ಕಂಡರೆ ಕೂಡಲೇ ತೀರ್ಮಾನ ಬೇಡ, ಒಳಗೆ ಬೆವರಿದ ನೀರೂ ಇರಬಹುದು. ಪಿಚಕ್ಕನೆ ಚಿಮ್ಮಿ, ಬರುತ್ತಲೇ ಇದ್ದರೆ, ಅದರಲ್ಲೂ ತುಕ್ಕಿನ ಬಣ್ಣ ಇದ್ದರೆ ಅನುಮಾನವೇ ಬೇಡ. ಇನ್ನೊಂದು ಗುರುತು: ನೀವು ಪಂಪ್ ಒತ್ತಿದ ಗಾಳಿ ನಲ್ಲಿಯಲ್ಲಿ ಗುಳುಗುಳು ಅಂತ ಗುಳ್ಳೆಯಾಗಿ ಹೊರಗೆ ಬರುವುದು. ಮನೆ ಬಳಕೆಯ ಹೆಚ್ಚಿನ ಟ್ಯಾಂಕ್‌ಗಳಲ್ಲಿ ಚೀಲ ಬದಲಿಸಲು ಆಗುವುದಿಲ್ಲ, ಟ್ಯಾಂಕನ್ನೇ ಬದಲಿಸಬೇಕು. ಹರಿದ ಟ್ಯಾಂಕಿಗೆ ಗಾಳಿ ಹಾಕುತ್ತಾ ದಿನ ತಳ್ಳಬೇಡಿ, ಕುಡಿಯುವ ನೀರು ಉಕ್ಕಿನ ಒಳಗೋಡೆ ತಾಗುತ್ತಿರುತ್ತದೆ.

ಗಾಳಿ ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಕಡಿಮೆಯಾಗುತ್ತಿದೆ.

ರಬ್ಬರ್ ಮೂಲಕ ಒಂದಿಷ್ಟು ಗಾಳಿ ಕಾಲಕ್ರಮೇಣ ಹೋಗುವುದು ಸಹಜ. ಅದಕ್ಕೇ ವರ್ಷಕ್ಕೊಮ್ಮೆ ಫಿಲ್ಟರ್ ಬದಲಿಸುವಾಗ ಟ್ಯಾಂಕ್ ಖಾಲಿ ಮಾಡಿ ಅಳೆಯುವುದು ಒಳ್ಳೆಯದು. ವಾರಗಳಲ್ಲೇ ಇಳಿದರೆ ಅದು ಸಹಜ ಅಲ್ಲ. ಟ್ಯಾಂಕ್ ತುಂಬಿರುವಾಗ ಮುಚ್ಚಳ ತೆಗೆದು ವಾಲ್ವ್ ಬಾಯಿಗೆ ಸೋಪಿನ ನೀರು ಹಚ್ಚಿ ನೋಡಿ, ಒತ್ತಡ ಜಾಸ್ತಿ ಇರುವಾಗ ಸಣ್ಣ ಸೋರಿಕೆಯೂ ಗುಳ್ಳೆ ಎಬ್ಬಿಸುತ್ತದೆ. ಪಿನ್ ಹತ್ತಿರ ಗುಳ್ಳೆ ಬಂದರೆ ಟೈರಿನಲ್ಲಿ ಹಾಕುವ ವಾಲ್ವ್ ಪಿನ್ನನ್ನೇ ತಂದು ಬದಲಿಸಬಹುದು. ಅದಕ್ಕೆ ಮೊದಲು ಟ್ಯಾಂಕಿನ ನೀರು ಖಾಲಿ ಮಾಡಿ, ಗಾಳಿಯನ್ನೂ ಬಿಟ್ಟುಬಿಡಿ. ವಾಲ್ವಿನ ಬುಡದಲ್ಲಿ, ಲೋಹದ ಬೆಸುಗೆಯ ಸುತ್ತ ಗುಳ್ಳೆ ಬಂದರೆ ಅದು ರಿಪೇರಿಗೆ ಬಗ್ಗುವುದಿಲ್ಲ.

ಒಳಗೆ ಸಿಕ್ಕಿಕೊಂಡಿದ್ದ ನೀರು ಕುಡಿಯಬಹುದಾ?

ನಾನಾದರೆ ಚೆಲ್ಲುತ್ತೇನೆ. ಗಾಳಿ ಕಡಿಮೆಯಾದ ಟ್ಯಾಂಕಿನಲ್ಲಿ ತಳದ ನೀರು ಪೂರ್ತಿ ಬದಲಾಗುವುದೇ ಇಲ್ಲ, ಹೊಸ ನೀರು ಬಂದು ಹಳೆಯದರ ಜೊತೆ ಬೆರೆಯುತ್ತಾ ಇರುತ್ತದೆ. ಕ್ಲೋರಿನ್ ಕೂಡ ಇಲ್ಲದ ನೀರು ಅದು. ರಬ್ಬರ್ ವಾಸನೆ, ಚಪ್ಪೆ ರುಚಿ ಬಂದಿದ್ದರೆ ಇದೇ ಕಾರಣ ಇರಬಹುದು. ಗಿಡಕ್ಕೆ, ಒರೆಸುವುದಕ್ಕೆ ಬಳಸಿ. ಗಾಳಿ ಹಾಕಿದ ಮೇಲೆ ಮೊದಲ ಸಲ ತುಂಬಿದ ನೀರನ್ನೂ ಬಿಟ್ಟುಬಿಡಿ. ವಾಸನೆ ಆಮೇಲೂ ಹೋಗದಿದ್ದರೆ ಕೊನೆಯ ಕಾರ್ಬನ್ ಫಿಲ್ಟರ್ ಬದಲಿಸಿ, ಟ್ಯಾಂಕನ್ನು ತಯಾರಕರು ಹೇಳಿದ ರೀತಿಯಲ್ಲಿ ಸ್ಯಾನಿಟೈಸ್ ಮಾಡಿ.

ಗಾಳಿ 7 ಇದೆ, ಟ್ಯಾಂಕ್ ತುಂಬಿದೆ, ಆದರೂ ಧಾರೆ ಸಣ್ಣ.

ಹಾಗಾದರೆ ಟ್ಯಾಂಕನ್ನು ಬಿಟ್ಟುಬಿಡಿ, ಅದರ ತಪ್ಪಿಲ್ಲ. ಕೊನೆಯ ಕಾರ್ಬನ್ ಫಿಲ್ಟರ್ ಬದಲಿಸಿದ್ದು ಯಾವಾಗ? ಅದನ್ನು ಬಿಟ್ಟು ಪೈಪನ್ನು ನೇರ ಜೋಡಿಸಿ ನೋಡಿದಾಗ ಧಾರೆ ಜೋರಾದರೆ ಉತ್ತರ ಸಿಕ್ಕಿತು.

ಹೊಸ ಟ್ಯಾಂಕ್ ತಂದೆ. ಹಾಗೇ ಜೋಡಿಸಿಬಿಡಲಾ?

ಜೋಡಿಸುವ ಮೊದಲೇ ಗೇಜ್ ಹಿಡಿಯಿರಿ. ಹೊಸ ಟ್ಯಾಂಕ್ ಗಾಳಿ ತುಂಬಿಯೇ ಬರುತ್ತದೆ, ಆದರೆ ಗೋದಾಮಿನಲ್ಲಿ ಎಷ್ಟು ದಿನ ಕೂತಿತ್ತೋ. ಒಣಗಿದ ಖಾಲಿ ಟ್ಯಾಂಕ್ ಕೈಯಲ್ಲಿರುವಾಗ 7ಕ್ಕೆ ತರುವುದು ಒಂದು ನಿಮಿಷದ ಕೆಲಸ. ಒಮ್ಮೆ ನೀರು ಒಳಗೆ ಹೋಯಿತು ಅಂದರೆ ಮತ್ತೆ ವಾಲ್ವ್ ಮುಚ್ಚಿ, ನಲ್ಲಿ ತೆರೆದು, ಖಾಲಿ ಮಾಡಿಯೇ ಅಳೆಯಬೇಕು. ತಲೆಯ ವಾಲ್ವ್ ಕೂರಿಸುವಾಗ ಹಲ್ಲುಗಳಿಗೆ ಟೆಫ್ಲಾನ್ ಟೇಪ್ ಸುತ್ತಿ, ಪ್ಲಾಸ್ಟಿಕ್ ವಾಲ್ವ್ ಆದ್ದರಿಂದ ಕೈಯಲ್ಲಿ ಬಿಗಿ ಮಾಡಿದ್ದರ ಮೇಲೆ ಪಾನಾ ಹಾಕಿ ಜಾಸ್ತಿ ತಿರುಗಿಸಬೇಡಿ. ಮೊದಲ ಸಲ ತುಂಬಿದ ಮೇಲೆ ಅದರ ಕೆಳಗೆ ಒಣ ಕಾಗದ ಹಾಸಿ ಒಂದು ರಾತ್ರಿ ಬಿಡಿ, ಸೋರುತ್ತಿದ್ದರೆ ಬೆಳಿಗ್ಗೆ ಗೊತ್ತಾಗುತ್ತದೆ.